ಯೆರೆಮೀಯ 29:11: ಒಂದು ಕಾರ್ಡ್, ನಮ್ಮ ಮನೆಯ ಗುಂಪು

ಚಿಕ್ಕಪ್ಪ: [ಚಿತ್ರ: ಸೂರ್ಯೋದಯ. ಅದರ ಮೇಲೆ ಯೆರೆಮೀಯ 29:11, ನಿಮ್ಮ ವಿಷಯದಲ್ಲಿ ನನ್ನ ಆಲೋಚನೆಗಳು ಕೇಡಿನವಲ್ಲ, ಹಿತದವು, ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವಂಥವು ಅನ್ನುವ ದೇವರ ಮಾತು. ಕೆಳಗೆ "ಈ ವರ್ಷ ನಿಮ್ಮ ಬಾಗಿಲು ತೆರೆಯುತ್ತದೆ!"]
ನಮ್ಮ ಮನೆಯವರಿಗೆಲ್ಲ ಈ ವರ್ಷದ ವಾಗ್ದಾನ. ಎಲ್ಲರೂ ಆಮೆನ್ ಅನ್ನಿ.

ಅತ್ತೆ: ಆಮೆನ್ 🙏

ತಮ್ಮ: ಆಮೆನ್

ಅಕ್ಕ: ನಾನು ಹಾಕಲ್ಲ ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಇವರು ಆಸ್ಪತ್ರೆಯಲ್ಲಿದ್ದಾಗ ಒಬ್ಬ ಪ್ರಸಂಗಿ ಇದೇ ವಚನ ಓದಿ, ಮೂರು ತಿಂಗಳಲ್ಲಿ ಎದ್ದು ಓಡಾಡುತ್ತಾರೆ ಅಂದರು. ನಾನು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕುತ್ತಾ ಹೋದೆ. ಮೂರು ತಿಂಗಳು ಮುಗಿಯಿತು. ಆಮೇಲೆ ನನ್ನ ನಂಬಿಕೆಯಲ್ಲೇ ಕೊರತೆ ಇದೆ ಅಂದರು.

ಚಿಕ್ಕಪ್ಪ: ಅದು ಆ ಮನುಷ್ಯನ ತಪ್ಪಮ್ಮ. ವಚನದ ತಪ್ಪಲ್ಲ.

ನಾನು: ನಿಜ ಚಿಕ್ಕಪ್ಪ, ವಚನದ ತಪ್ಪಲ್ಲ. ಆದರೆ ಕಾರ್ಡಿನ ಕೆಳಗಿರುವ "ಈ ವರ್ಷ" ಅನ್ನುವ ಮಾತು ಯೆರೆಮೀಯನದಲ್ಲ. ಅಂಥ ಮಾತು ಆಡಿದವನು ಹನನ್ಯ. ಒಂದು ಪುಟ ಹಿಂದೆ, 28ನೇ ಅಧ್ಯಾಯದಲ್ಲಿದ್ದಾನೆ.

ತಮ್ಮ: ಯಾರವನು?

ನಾನು: ಕ್ರಿ.ಪೂ. 597ರಲ್ಲಿ ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಜೆರುಸಲೇಮನ್ನು ಹಿಡಿದ. ಅಲ್ಲಿನ ರಾಜ, ಅಧಿಕಾರಿಗಳು, ಕಸುಬುದಾರರು, ಎಲ್ಲರನ್ನೂ ಬಾಬಿಲೋನಿಗೆ ಸಾಗಿಸಿದ. ದೇವಾಲಯದ ಪಾತ್ರೆಗಳನ್ನೂ ಬಿಡಲಿಲ್ಲ. ಊರಲ್ಲಿ ಉಳಿದವರಿಗೆ ಒಂದೇ ಪ್ರಶ್ನೆ: ನಮ್ಮವರು ಯಾವಾಗ ವಾಪಸ್ ಬರುತ್ತಾರೆ? ಯೆರೆಮೀಯ ಕುತ್ತಿಗೆಗೆ ಮರದ ನೊಗ ಹಾಕಿಕೊಂಡು ಓಡಾಡುತ್ತಿದ್ದ, ಬಾಬಿಲೋನಿನ ನೊಗ ಹೊತ್ತುಕೊಳ್ಳಿ ಅಂತ. ಆಗ ಹನನ್ಯ ಅನ್ನುವ ಪ್ರವಾದಿ ದೇವಾಲಯದಲ್ಲಿ ಎಲ್ಲರ ಎದುರು, ಎರಡೇ ವರ್ಷದಲ್ಲಿ ಪಾತ್ರೆಗಳೂ ಜನರೂ ವಾಪಸ್ ಬರುತ್ತಾರೆ ಅಂದ. ಅದೂ ಸುಮ್ನೆ ಅಲ್ಲ, "ಯೆಹೋವನು ಹೀಗನ್ನುತ್ತಾನೆ" ಅಂತ. ಅದಕ್ಕೆ ಯೆರೆಮೀಯನ ಮೊದಲ ಉತ್ತರ ಏನು ಗೊತ್ತಾ? "ಆಮೆನ್, ಹಾಗೇ ಆಗಲಿ." ಅವನಿಗೂ ಅದೇ ಬೇಕಿತ್ತು. ಆದರೆ ಅದು ದೇವರ ಮಾತಲ್ಲ ಅಂತ ಗೊತ್ತಿತ್ತು. ಹನನ್ಯ ಆ ನೊಗವನ್ನು ಅವನ ಕುತ್ತಿಗೆಯಿಂದ ಕಿತ್ತು ಮುರಿದುಹಾಕಿದ. ನೀನು ಮರದ ನೊಗ ಮುರಿದೆ, ಅದರ ಬದಲು ಕಬ್ಬಿಣದ ನೊಗ ಬರುತ್ತದೆ ಅಂತ ದೇವರಿಂದ ಉತ್ತರ ಬಂತು.

ಅತ್ತೆ: ಇದು ಬೇರೆ ಅಧ್ಯಾಯ ಅಲ್ವಾ ಮಗಳೇ? ನಮ್ಮ ವಚನ 29ರಲ್ಲಿದೆ.

ನಾನು: ಹೌದು ಅತ್ತೆ. 29 ಅಂದರೆ ಒಂದು ಕಾಗದ. ಜೆರುಸಲೇಮಿನಲ್ಲಿರುವ ಯೆರೆಮೀಯ, ಬಾಬಿಲೋನಿಗೆ ಹೋದವರಿಗೆ ಬರೆದದ್ದು. ಕಾಗದವನ್ನು ಮಧ್ಯದ ಒಂದು ಸಾಲಿನಿಂದ ಯಾರೂ ಓದಲ್ಲ. ಐದನೇ ವಚನದಿಂದ ಓದಿ ನೋಡಿ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆಯಾಗಿ ಮಕ್ಕಳನ್ನು ಹಡೆಯಿರಿ, ಆ ಮಕ್ಕಳಿಗೂ ಮದುವೆ ಮಾಡಿ, ಅವರಿಗೂ ಮಕ್ಕಳಾಗಲಿ. ಒಂದೇ ವಚನದಲ್ಲಿ ಮೂರು ತಲೆಮಾರು! ಅಂದರೆ ಬೇಗ ವಾಪಸ್ ಬರಲ್ಲ ಅಂತ. ಹತ್ತನೇ ವಚನದಲ್ಲಿ ನೇರವಾಗಿಯೇ ಇದೆ: 70 ವರ್ಷ. ಅದಾದ ಮೇಲೆ ಹನ್ನೊಂದನೆಯದು, ನಮ್ಮ ಕಾರ್ಡಿನದು.

ತಮ್ಮ: ಹಾಗಾದರೆ ಮೂವತ್ತು ವಯಸ್ಸಿನವನು ಕಾಗದ ಕೇಳಿಸಿಕೊಂಡಿದ್ದರೆ ನೂರು ವರ್ಷ ಬದುಕಬೇಕಿತ್ತು.

ನಾನು: ಅದೇ ನೋಡು. ಕಾಗದ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಬಾಬಿಲೋನಿನಲ್ಲೇ ಮಣ್ಣಾಗುತ್ತಾರೆ. ಅವರಿಗೆ ಹೇಳಿದ ಮಾತು ಇದು. ಅಕ್ಕನಿಗೆ ಬೇಕಿದ್ದದ್ದು ಈ ಯೆರೆಮೀಯ. ಸಿಕ್ಕಿದ್ದು ಹನನ್ಯ, ಅದೂ ಯೆರೆಮೀಯನ ಹೆಸರಿನಲ್ಲಿ. ನನಗೆ ಸಂಕಟ ಆಗುವುದು ಅದಕ್ಕೇ.

ಅಕ್ಕ: ...

ಚಿಕ್ಕಪ್ಪ: ಮಗಳೇ, ನೀನು ಹೇಳಿದ್ದು ಇತಿಹಾಸ. ಸರಿ. ಆದರೆ ವಾಕ್ಯ ಎಲ್ಲ ಕಾಲದವರಿಗೂ ಇದೆ ಅಲ್ವಾ? ನಮ್ಮ ಅಜ್ಜಿ ಯಾವ ಇಸವಿ ಕಲಿತಿದ್ದಳು? ಸಭೆಯಲ್ಲಿ ಕೂತಿರುವ ದಣಿದ ಹೆಂಗಸಿಗೆ ನೆಬೂಕದ್ನೆಚ್ಚರನ ಪಾಠ ಮಾಡುತ್ತೀಯಾ?

ನಾನು: ಅಜ್ಜಿಗೆ ಇಸವಿ ಗೊತ್ತಿರಲಿಲ್ಲ, ನಿಜ. ಆದರೆ ಅಜ್ಜಿ ಬಿಡಿ ವಚನ ಓದಿದವಳಲ್ಲ ಚಿಕ್ಕಪ್ಪ. ಪುಸ್ತಕ ಹಿಡಿದರೆ ಮೊದಲಿಂದ ಕೊನೆಯವರೆಗೆ ಓದುತ್ತಿದ್ದಳು. ಹನನ್ಯನನ್ನು ದಾಟಿಯೇ ಹನ್ನೊಂದನೇ ವಚನಕ್ಕೆ ಬರುತ್ತಿದ್ದಳು. ನಾನು ಭಾನುವಾರದ ಕ್ಲಾಸಿನಲ್ಲಿ ಮಾಡಿಸುವುದೂ ಅಷ್ಟೇ. 28ನ್ನು ಇಬ್ಬರು ಜೋರಾಗಿ ಓದುತ್ತಾರೆ, ಒಬ್ಬರು ಹನನ್ಯ, ಒಬ್ಬರು ಯೆರೆಮೀಯ. ಆಮೇಲೆ 29ರ 1ರಿಂದ 14ನ್ನು ಮನೆಗೆ ಬಂದ ಕಾಗದದ ಹಾಗೆ ಒಬ್ಬರೇ ಓದುತ್ತಾರೆ. ಬರೆದವರು ಯಾರು, ಕೇಳುತ್ತಿರುವವರು ಎಲ್ಲಿದ್ದಾರೆ, ಅವರಿಗೆ ಏನು ಬೇಕಿತ್ತು ಅಂತ ಕೇಳುತ್ತೇನೆ. ಇದು ನಮಗೆ ಏನು ಹೇಳುತ್ತದೆ ಅನ್ನುವುದು ಕೊನೆಗೆ.

ಕಾಗದಕ್ಕೆ ಬಂದ ಉತ್ತರವೂ ಅದೇ ಅಧ್ಯಾಯದಲ್ಲಿದೆ, ಅದನ್ನು ಮರೆಯಲ್ಲ. ಬಾಬಿಲೋನಿನಿಂದ ಒಬ್ಬ ಜೆರುಸಲೇಮಿನ ಯಾಜಕನಿಗೆ ದೂರು ಬರೆದ: ಈ ಯೆರೆಮೀಯ ಬಹಳ ಕಾಲ ಆಗುತ್ತದೆ, ಮನೆ ಕಟ್ಟಿ ಅನ್ನುತ್ತಾನೆ, ಅವನನ್ನು ಯಾಕೆ ಗದರಿಸಿಲ್ಲ ಅಂತ. ಮೊದಲು ಕೇಳಿದವರಲ್ಲೇ ಒಬ್ಬನಿಗೆ ಈ ಕಾಗದ ಸಿಟ್ಟು ತರಿಸಿತ್ತು. ನಮಗೆ ಅದು ಬರೀ ಸಿಹಿಯಾಗಿ ಕೇಳಿಸಿದರೆ, ಎಲ್ಲೋ ಅರ್ಧ ಬಿಟ್ಟು ಓದಿದ್ದೇವೆ ಅಂತ ಲೆಕ್ಕ.

ಅತ್ತೆ: ನಾನೊಂದು ಮಾತು ಹೇಳಲಾ? ನಿಮ್ಮ ಮಾವ ತೀರಿಕೊಂಡ ವರ್ಷ ನನ್ನನ್ನು ಹಿಡಿದಿಟ್ಟದ್ದು ಈ ವಚನ. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲು ಹೇಳಿಕೊಳ್ಳುತ್ತಿದ್ದೆ. ಅದು ನಿನ್ನದಲ್ಲ ಅಂತ ಈಗ ಹೇಳಿದರೆ ನನ್ನ ಕೈಯಲ್ಲಿ ಏನು ಉಳಿಯಿತು?

ನಾನು: ಅತ್ತೆ, ನಿಮ್ಮ ಕೈಯಿಂದ ಅದನ್ನು ಕಿತ್ತುಕೊಳ್ಳಲ್ಲ. ನಾನು ಕ್ಲಾಸು ಶುರು ಮಾಡಿದಾಗ ಇದೇ ತಪ್ಪು ಮಾಡಿದ್ದೆ. ಇದು ಯೆಹೂದ್ಯರಿಗೆ ಬರೆದದ್ದು ಅಂತ ಹೇಳಿ ಅಲ್ಲೇ ನಿಲ್ಲಿಸಿಬಿಟ್ಟೆ. ಜನ ಬರಿಗೈಯಲ್ಲಿ ಮನೆಗೆ ಹೋದರು. ಹಾಗೆ ನಿಲ್ಲಿಸಬಾರದಿತ್ತು.

ಇಲ್ಲಿ ಇನ್ನೊಂದು ವಿಷಯ ಇದೆ. ಮೊದಲನೇ ಅಧ್ಯಾಯದಲ್ಲಿ ದೇವರು ಯೆರೆಮೀಯನ ಹತ್ತಿರ ಮಾತಾಡುವಾಗ "ನೀನು" ಅನ್ನುತ್ತಾನೆ. ಈ ಕಾಗದದಲ್ಲಿ "ನೀವು". ನಾವು ಗೌರವಕ್ಕೂ "ನೀವು" ಅನ್ನುತ್ತೇವಲ್ಲ, ಹಾಗಾಗಿ ಕಾರ್ಡು ಓದಿದವರಿಗೆ ತಮ್ಮೊಬ್ಬರಿಗೇ ಹೇಳಿದ ಹಾಗೆ ಕೇಳಿಸುತ್ತದೆ. ಹೀಬ್ರೂವಿನಲ್ಲಿ ಅದು ಬಹುವಚನವೇ. ಇಡೀ ಗುಂಪಿಗೆ ಹೇಳಿದ್ದು. ಸತ್ತವರೂ ಹುಟ್ಟಲಿರುವವರೂ ಆ "ನೀವು"ನಲ್ಲಿ ಇದ್ದಾರೆ. ಇನ್ನೊಂದು, ಹನ್ನೊಂದರಲ್ಲಿ "ಹಿತ" ಅಂತ ನಾವು ಓದುವ ಕಡೆ ಹೀಬ್ರೂವಿನಲ್ಲಿರುವ ಪದ ಶಾಲೋಮ್. ಅದೇ ಪದ ಏಳನೇ ವಚನದಲ್ಲಿ ಮೂರು ಸಲ ಬರುತ್ತದೆ. ನೀವಿರುವ ಆ ಊರಿನ ಶಾಲೋಮ್ ಹುಡುಕಿ, ಅದರ ಶಾಲೋಮಿನಲ್ಲೇ ನಿಮ್ಮ ಶಾಲೋಮ್ ಇದೆ ಅಂತ. ಅಂದರೆ ಆ ಹಿತ ಬಾಬಿಲೋನ್ ಬಿಟ್ಟ ಮೇಲೆ ಶುರುವಾಗುವುದಲ್ಲ, ಅಲ್ಲಿ ಮನೆ ಕಟ್ಟುವಾಗಲೇ ಶುರುವಾಗುತ್ತದೆ. ಮಾವ ವಾಪಸ್ ಬರಲಿಲ್ಲ ಅತ್ತೆ. ಆದರೂ ನೀವು ಎದ್ದಿರಿ, ಮಕ್ಕಳನ್ನು ಓದಿಸಿದಿರಿ, ಮದುವೆ ಮಾಡಿದಿರಿ. ನೀವು ಓದಿದ್ದು ಐದರಿಂದ ಹನ್ನೊಂದರವರೆಗೆ. ಬಾಯಲ್ಲಿ ಹೇಳಿದ್ದು ಮಾತ್ರ ಹನ್ನೊಂದು.

ಅಕ್ಕ: ನನಗೆ ಆಗ ಯಾರಾದರೂ ಈ ಐದನೇ ವಚನ ತೋರಿಸಬೇಕಿತ್ತು. ಇವರಿಗೆ ಇವತ್ತಿಗೂ ಪೂರ್ತಿ ನಡೆಯೋಕೆ ಆಗಲ್ಲ. ನಾನು ಎರಡು ವರ್ಷ ಬಾಗಿಲು ನೋಡುತ್ತಾ ಕೂತಿದ್ದೆ. ಮನೆ ಕಟ್ಟಲೇ ಇಲ್ಲ.

ಚಿಕ್ಕಪ್ಪ: ಕಾರ್ಡ್ ನಾನು ತೆಗೆಯಲ್ಲ. ವಚನ ದೇವರದ್ದೇ.

ಚಿಕ್ಕಪ್ಪ: ಆದರೆ ಆ ಕೆಳಗಿನ ಸಾಲನ್ನು ನಾನು ಗಮನಿಸಿರಲಿಲ್ಲ. ಮಗಳೇ, ನಿನಗೆ ಅದು ಚುಚ್ಚಿತು ಅಂತ ಗೊತ್ತಿರಲಿಲ್ಲ. ಕ್ಷಮಿಸು.

ಅಕ್ಕ: ಇರಲಿ ಚಿಕ್ಕಪ್ಪ 🙏

ಅತ್ತೆ: 28 ಓದಿದೆ. ಯೆರೆಮೀಯನೂ ಆಮೆನ್ ಅಂದನಲ್ಲ, ಪಾಪ.

ಅತ್ತೆ: [ಧ್ವನಿ ಸಂದೇಶ, 3:40] 29ನ್ನು ಮೊದಲಿಂದ ಹದಿನಾಲ್ಕರವರೆಗೆ ಓದಿದ್ದೇನೆ. ಕಾರ್ಡ್ ಕಳಿಸುವವರು ಇದನ್ನೂ ಜೊತೆಗೆ ಕಳಿಸಿ.