ಅಪ್‌ಡೇಟ್: ಜನವರಿಯ ಓವರ್‌ಟೈಮ್ ಬಜೆಟ್ ಕೊನೆಗೆ ಹೊಂದಿಕೊಂಡ ಬಗೆ

ನನ್ನ ಪ್ರಶ್ನೆ: "ಬೆಳಗಾವಿಯ ನಮ್ಮ ಮಷಿನ್ ಶಾಪ್‌ನಲ್ಲಿ 24 ಜನರಿದ್ದಾರೆ. 2026ರ ಜನವರಿಗೆ ಎಷ್ಟು ಓವರ್‌ಟೈಮ್ ಹಣ ತೆಗೆದಿಡಬೇಕು?"

ತಿಂಗಳ ಲೆಕ್ಕ ಮುಗಿದಿರುವುದರಿಂದ ಫಲಿತಾಂಶ ತಿಳಿಸುತ್ತಿದ್ದೇನೆ. ಕಳೆದ ವರ್ಷದ ಓವರ್‌ಟೈಮ್ ಬಿಲ್ಲಿಗೆ ಶೇ. 10 ಸೇರಿಸುವ ಸಲಹೆ ಫಲಿಸಲಿಲ್ಲ. ಆ ಬಿಲ್ಲಿನಲ್ಲಿ ಒಂದು ಲೇತ್ ಕೆಟ್ಟು ನಿಂತ ವಾರದ ಹೆಚ್ಚುವರಿ ದುಡಿಮೆಯೂ ಸೇರಿಕೊಂಡಿತ್ತು. ಬಿಲ್ಲನ್ನು ಬಿಟ್ಟು, ಹಿಂದಿನ ಮೂರು ಜನವರಿಗಳ ಆರ್ಡರ್‌ಗಳನ್ನು ಕೆಲಸದ ಗಂಟೆಗಳಿಗೆ ಪರಿವರ್ತಿಸಿ ಎಂದವರ ಮಾತೇ ಸರಿಹೋಯಿತು. ಹಾಗೆ ಸರಾಸರಿ 4,500 ಗಂಟೆಗಳ ಬೇಡಿಕೆ ಸಿಕ್ಕಿತು. 25 ದಿನ, ದಿನಕ್ಕೆ 8 ಗಂಟೆಯಂತೆ ನಮ್ಮಲ್ಲಿರುವುದು 4,800 ಗಂಟೆ.

ಎಡವಿದ್ದು ಗೈರುಹಾಜರಿಯಲ್ಲಿ. ವರ್ಷದ ಸರಾಸರಿ ಶೇ. 7 ಹಿಡಿದರೆ ಕೊರತೆ ಬರೀ 36 ಗಂಟೆ. ಆದರೆ ಹಾಜರಿ ಪುಸ್ತಕ ತಿರುವಿದಾಗ, ಸವದತ್ತಿ ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳ ಆಸುಪಾಸಿನಲ್ಲೇ ರಜೆಗಳು ಗುಂಪುಗೂಡಿರುವುದು ಕಂಡಿತು. ಈ ಸಲ ಬನದ ಹುಣ್ಣಿಮೆ ಜನವರಿ 3ಕ್ಕೆ ಬಂದಿತ್ತು. ಕಳೆದ ವರ್ಷ ಫೆಬ್ರವರಿ 12ಕ್ಕಿದ್ದ ಭಾರತ ಹುಣ್ಣಿಮೆ ಫೆಬ್ರವರಿ 1ಕ್ಕೇ ಬಂದು, ಅದರ ರಜೆಗಳೂ ಜನವರಿಯ ಕೊನೆಗೆ ಜಾರಿದವು. ಶೇ. 12 ಹಿಡಿದಾಗ ಕೊರತೆ 276 ಗಂಟೆಯಾಯಿತು. ಗಂಟೆಗೆ 80 ರೂಪಾಯಿ ಕೂಲಿ, ಕಾನೂನಿನಂತೆ ಓವರ್‌ಟೈಮ್‌ಗೆ ಅದರ ಎರಡರಷ್ಟು. ಅಂದರೆ 44,160 ರೂಪಾಯಿ. ನಿಜವಾಗಿ ತಗುಲಿದ್ದು 284 ಗಂಟೆ.