ಸಾಲೆನಾಯ್ಡ್ ಫ್ಲಕ್ಸ್ ಪೂರ್ತಿ ಒಂದು ಕ್ವಾಂಟಮ್ ಆದರೂ ಪಟ್ಟೆಗಳು ಮೊದಲಿನ ಜಾಗಕ್ಕೆ ಮರಳುತ್ತಿಲ್ಲ

ಕೊತ್ರೂಡ್ ಹುಡುಗ (ಪುಣೆ):
ಅಹರೊನೊವ್-ಬೋಮ್ ಪರಿಣಾಮ ನೋಡೋಕೆ ಎರಡು ಸೀಳಿನ ಪ್ರಯೋಗವನ್ನು ಪೈಥಾನ್‌ನಲ್ಲಿ 2D ಗ್ರಿಡ್ ಮೇಲೆ ಓಡಿಸುತ್ತಿದ್ದೇನೆ, ವಿಧಾನ ಕ್ರ್ಯಾಂಕ್-ನಿಕೋಲ್ಸನ್. ಸೀಳುಗಳ ನಡುವಿನ ಗೋಡೆಯ ಹಿಂದೆ ಸೂಜಿಯಷ್ಟು ತೆಳು ಸಾಲೆನಾಯ್ಡ್ ಇದೆ, ಒಂದು ಚೌಕದ ಮಧ್ಯಕ್ಕೆ. ಪ್ರತಿ ಕೊಂಡಿಯ ನಡುಬಿಂದುವಿನಲ್ಲಿ A = Φ/2πr ತೆಗೆದುಕೊಂಡು, ಅದರಲ್ಲಿ ಕೊಂಡಿಯ ದಿಕ್ಕಿನ ಭಾಗವನ್ನು ಕೊಂಡಿಯ ಉದ್ದದಿಂದ ಗುಣಿಸಿ ಫೇಸ್ ಹಾಕಿದ್ದೇನೆ. alpha = Φ/(h/e). alpha 0.5 ಆದಾಗ ನಡುವಿನ ಪಟ್ಟೆ ಪೂರ್ತಿ ಕಪ್ಪಾಗಲ್ಲ. 1 ಕೊಟ್ಟರೆ 0 ಇದ್ದಾಗಿನ ಚಿತ್ರವೇ ಬರಬೇಕಲ್ಲ? ಹತ್ತಿರ ಬರುತ್ತೆ, ಆದರೆ ಇಡೀ ಚಿತ್ರ ಒಂದು ಕಡೆ ವಾಲಿರುತ್ತೆ.

ಡೊಂಬಿವಲಿ ಲೋಕಲ್:
ಸಾಲೆನಾಯ್ಡ್‌ನಿಂದ ಕ್ಷೇತ್ರ ಸೋರುತ್ತಿದೆ ಮಾರಾಯ. ತುದಿಯಿಂದ ಹೊರಬಿದ್ದ ಗೆರೆಗಳು ಹೊರಗಡೆಯಿಂದ ಸುತ್ತಿ ಬರಲೇಬೇಕು, ಎಲೆಕ್ಟ್ರಾನ್‌ಗೆ ತಾಗಿ ತಳ್ಳುತ್ತೆ. ಟೊನೊಮುರಾ ತಂಡ 1986ರಲ್ಲಿ ಉಂಗುರದಾಕಾರದ ಕಾಂತಕ್ಕೆ ನಿಯೋಬಿಯಂ ಹೊದಿಸಿದ್ದು ಇದಕ್ಕೇ ತಾನೆ?

ಪಾಷಾಣ್ ಭಟ್ಟರು:
ನಿಜವಾದ ಪ್ರಯೋಗಕ್ಕೆ ಆ ಮಾತು ಸರಿ. 2D ಲೆಕ್ಕದಲ್ಲಿ ತುದಿಯೇ ಇಲ್ಲ, ಗೆರೆ ಸುತ್ತಿ ಬರೋದೆಲ್ಲಿಂದ? ಆದರೂ "ತಳ್ಳುತ್ತೆ" ಅಂದಿರಲ್ಲ, ಗುರುತು ಹಿಡಿಯೋದು ಅಲ್ಲೇ. ಬರೀ ಪೊಟೆನ್ಷಿಯಲ್‌ನ ಕೆಲಸವಾಗಿದ್ದರೆ ಪಟ್ಟೆಗಳು ಮಾತ್ರ ಸರಿಯುತ್ತವೆ, ಅವನ್ನು ಮುಚ್ಚಿದ ದೊಡ್ಡ ಹೊರರೇಖೆ ಇದ್ದಲ್ಲೇ ಇರುತ್ತೆ. ಹೊರರೇಖೆಯೇ ವಾಲಿದರೆ ಎಲ್ಲೋ ಬಲ ಇದೆ, ಅಂದರೆ ಎಲೆಕ್ಟ್ರಾನ್ ಓಡಾಡೋ ಜಾಗದಲ್ಲೇ ನಿಮಗೆ ಗೊತ್ತಿಲ್ಲದ B ಇದೆ.

ಅದು ನಡುಬಿಂದು ಲೆಕ್ಕದಿಂದ ಬಂದದ್ದು. ಸಾಲೆನಾಯ್ಡ್ ಇರೋ ಚೌಕವನ್ನೇ ನೋಡಿ. ಬದಿ a ಆದರೆ ನಡುಬಿಂದು a/2 ದೂರದಲ್ಲಿದೆ, ಅಲ್ಲಿ A = Φ/πa. ನಾಲ್ಕು ಬದಿ ಕೂಡಿಸಿದರೆ 4Φ/π, ಅಂದರೆ 1.27Φ. ಬರಬೇಕಾದದ್ದು Φ. ಸುತ್ತಲಿನ 8 ಚೌಕಗಳನ್ನೂ ಸೇರಿಸಿದ ದೊಡ್ಡ ಚೌಕದಲ್ಲಿ ಮೊತ್ತ ಸುಮಾರು 1.01Φ. ಹಾಗಾದರೆ ಆ 8 ಚೌಕಗಳಲ್ಲಿ ಒಟ್ಟು −0.26Φ ಕೂತಿದೆ. ಅಲ್ಲಿ ಗೋಡೆ ಇಲ್ಲ, ಅಲೆ ಅದರ ಮೇಲೇ ಹಾಯುತ್ತಿದೆ. ದೂರದಿಂದ ಸುತ್ತುವ ಅಲೆಗೆ ಮೊತ್ತ ಹೆಚ್ಚುಕಡಿಮೆ Φ ಆಗಿರೋದರಿಂದಲೇ ನಿಮ್ಮ ಚಿತ್ರ "ಹತ್ತಿರ" ಬಂದದ್ದು.

ನಡುಬಿಂದು ಬಿಡಿ. ಸಾಲೆನಾಯ್ಡ್‌ನಿಂದ ನೋಡಿದಾಗ ಕೊಂಡಿಯ ಎರಡು ತುದಿಗಳ ನಡುವಿನ ಕೋನವೇ ನಿಖರ ಇಂಟಿಗ್ರಲ್:

```python
d = np.arctan2(y2-y0, x2-x0) - np.arctan2(y1-y0, x1-x0)
d = (d + np.pi) % (2*np.pi) - np.pi
hop = -t*np.exp(1j*alpha*d)
```

ಎರಡನೇ ಸಾಲು ಮರೆತರೆ ಎಡಗಡೆ ಕೋನ π ದಾಟುವಲ್ಲಿ ಪೂರ್ತಿ 2π ಜಿಗಿತ ಬರುತ್ತೆ. hop ಬಿಂದು 1ರಿಂದ 2ಕ್ಕೆ ಹೋಗುವ ಪದ, ವಾಪಸ್ ಬರುವುದಕ್ಕೆ ಅದರ conjugate. ಆರಂಭದ ಅಲೆಯನ್ನೂ exp(1j*alpha*θ) ಇಂದ ಗುಣಿಸಿ, θ ಸಾಲೆನಾಯ್ಡ್‌ನಿಂದ ನೋಡಿದ ಕೋನ, ಅಲೆ ಇರೋ ಜಾಗದಲ್ಲಿ ಅದು ಜಿಗಿಯದಿರಲಿ; ಇಲ್ಲದಿದ್ದರೆ ಅಲೆ ಶುರುವಿನಲ್ಲೇ ಒಂದು ಕಡೆ ವಾಲಿ ಹೊರಡುತ್ತೆ. ಓಡಿಸುವ ಮುಂಚೆ ಪ್ರತಿ ಚೌಕದ ಸುತ್ತ alpha*d ಕೂಡಿಸಿ: ಒಂದರಲ್ಲಿ 2π·alpha, ಉಳಿದೆಲ್ಲದರಲ್ಲೂ ಸೊನ್ನೆ.

ಮಡಗಾಂವ್ ರೇಡಿಯೋ:
ನನ್ನ ಹತ್ರ ಹಳೇ CRT ಆಸಿಲೋಸ್ಕೋಪ್ ಇದೆ. ಕೊಳವೆ ಪಕ್ಕ ಫೆರೈಟ್ ಕಡ್ಡಿಗೆ ತಂತಿ ಸುತ್ತಿಟ್ಟರೆ ಚುಕ್ಕಿ ಸರಿಯುತ್ತೆ. ಇದೂ ಅದೇನಾ?

ಪಾಷಾಣ್ ಭಟ್ಟರು:
ಅಲ್ಲ. ಕಡ್ಡಿಯ ತುದಿಯಿಂದ ಬಂದ ಕ್ಷೇತ್ರ ಚುಕ್ಕಿಯನ್ನೇ ತಳ್ಳುತ್ತಿದೆ, ಅಲ್ಲಿ ಪಟ್ಟೆಗಳೇ ಇಲ್ಲ. h/e ಅಂದರೆ 4.14×10⁻¹⁵ ವೆಬರ್. 1 ಮೈಕ್ರಾನ್ ತ್ರಿಜ್ಯದ ಸಾಲೆನಾಯ್ಡ್‌ನಲ್ಲಿ 1.3 ಮಿಲಿಟೆಸ್ಲಾ ಸಾಕು, ಆದರೆ ಅದರ ಎರಡೂ ಕಡೆ ಹಾಯುವ ಅಲೆಗಳು ಒಂದೇ ಲಯದಲ್ಲಿರಬೇಕು. CRT ಗನ್‌ನಿಂದ ಅದಾಗಲ್ಲ. ಚೇಂಬರ್ಸ್ 1960ರಲ್ಲಿ ಕೂದಲಿಗಿಂತ ತೆಳುವಾದ ಕಬ್ಬಿಣದ ಎಳೆ ಬಳಸಿದ್ದು ಅದಕ್ಕೇ.

ಡೊಂಬಿವಲಿ ಲೋಕಲ್:
ಸರಿ, ಒಪ್ಪಿದೆ. ಆದರೆ A ಯನ್ನು ನಮಗೆ ಬೇಕಾದ ಹಾಗೆ ಬದಲಿಸಬಹುದಲ್ಲ? ಬದಲಾಗೋ ವಸ್ತು ಪಟ್ಟೆ ಸರಿಸೋದು ಹೇಗೆ?

ಪಾಷಾಣ್ ಭಟ್ಟರು:
ಒಂದು ಕೊಂಡಿಯ ಫೇಸ್‌ಗೆ ತನ್ನದೇ ಅರ್ಥ ಇಲ್ಲ, ಸುತ್ತು ಪೂರ್ತಿ ಆದಾಗಿನ ಮೊತ್ತಕ್ಕೆ ಇದೆ. ಮಾಡಿ ನೋಡಿ: ಆರಂಭದ ಅಲೆಯದೂ ಸೇರಿ ಎಲ್ಲ ಕೋನದ ಫೇಸ್ ತೆಗೆದು, ಸಾಲೆನಾಯ್ಡ್‌ನಿಂದ ಗ್ರಿಡ್ ಅಂಚಿನವರೆಗೆ ಒಂದು ಗೆರೆ ಎಳೆದು, ಅದನ್ನು ದಾಟುವ ಕೊಂಡಿಗಳಿಗೆ ಮಾತ್ರ 2π·alpha ಕೊಡಿ. ಅಲೆ ಶುರುವಾಗುವ ಜಾಗಕ್ಕೆ ಗೆರೆ ತಾಗದಿರಲಿ. ಹೊಸ A ಹಳೆಯದರ ಹಾಗೆ ಕಾಣೋದೇ ಇಲ್ಲ, ಆದರೂ ಪರದೆಯ ಮೇಲೆ |ψ|² ಅದೇ ಬರಬೇಕು. ಎಲೆಕ್ಟ್ರಾನ್ ಇರೋ ಕಡೆ B ಎಲ್ಲೆಲ್ಲೂ ಸೊನ್ನೆ, ಹಾಗಾಗಿ ಅಲ್ಲಿನ B ಮಾತ್ರ ಹಿಡಿದು ಈ ಲೆಕ್ಕ ಬರೆಯೋಕೇ ಆಗಲ್ಲ.

ಡೊಂಬಿವಲಿ ಲೋಕಲ್:
ವೈಡ್‌ಮನ್ 2012ರಲ್ಲಿ ಬೇರೆ ಹೇಳಿದ್ದಾರೆ. ಸಾಲೆನಾಯ್ಡ್ ಒಳಗಿನ ಚಾರ್ಜ್‌ಗಳನ್ನೂ ಕ್ವಾಂಟಮ್ ಆಗಿ ನೋಡಿದರೆ, ಎಲೆಕ್ಟ್ರಾನ್‌ನ ಕ್ಷೇತ್ರ ಅವುಗಳಿಗೆ ತಾಗುತ್ತೆ, ಫೇಸ್ ಅಲ್ಲಿಂದ ಬರುತ್ತೆ ಅಂತ.

ಪಾಷಾಣ್ ಭಟ್ಟರು:
ಗೊತ್ತು. ಅದಕ್ಕೆ ಆಕ್ಷೇಪಗಳೂ ಬಂದಿವೆ, ವಾದ ಮುಗಿದಿಲ್ಲ. ಪಟ್ಟೆ ಎಷ್ಟು ಸರಿಯುತ್ತೆ ಅನ್ನೋದರಲ್ಲಿ ಮಾತ್ರ ಇಬ್ಬರದೂ ಒಂದೇ ಉತ್ತರ.

ಕೊತ್ರೂಡ್ ಹುಡುಗ:
ಕೋನ ಹಾಕಿದೆ ಸರ್. 0 ಮತ್ತು 1ರ ವ್ಯತ್ಯಾಸ ಈಗ 1e-12 ಆಸುಪಾಸು. ಗೆರೆ ವಿಧಾನದಲ್ಲೂ ಅದೇ ಚಿತ್ರ. ಆದರೆ 0.5ರಲ್ಲಿ ಎಡಬಲ ಇನ್ನೂ ಸ್ವಲ್ಪ ಬೇರೆ. ಅಡ್ಡಲಾಗಿ 401 ಬಿಂದು, ಸೀಳುಗಳು 200ನೇ ಸಾಲಿನ ಎರಡೂ ಕಡೆ ಸಮ ದೂರದಲ್ಲಿವೆ.

ಪಾಷಾಣ್ ಭಟ್ಟರು:
ಎಡಬಲ ಅದಲುಬದಲು ಮಾಡಿದರೆ 0.5 ಹೋಗಿ −0.5 ಆಗುತ್ತೆ. 0.5 ಮತ್ತು −0.5 ಒಂದೇ ಭೌತಸ್ಥಿತಿ, ಆದ್ದರಿಂದ ಎಡಬಲ ಒಂದೇ ಆಗಬೇಕು. ನಿಮ್ಮ ಸೀಳುಗಳ ಅಕ್ಷ 200ರಲ್ಲಿದೆ, ಚೌಕದ ಮಧ್ಯದ ಸಾಲೆನಾಯ್ಡ್ 200.5ರಲ್ಲಿ. 400 ಬಿಂದು ಮಾಡಿ, ಸೀಳು, ಅಲೆಯ ಕೇಂದ್ರ, ಸಾಲೆನಾಯ್ಡ್ ಮೂರನ್ನೂ 199.5ಕ್ಕೆ ತನ್ನಿ. ಆಮೇಲೂ ಉಳಿದರೆ ಹೀರುವ ಅಂಚು ಎರಡೂ ಕಡೆ ಒಂದೇ ದಪ್ಪ ಇದೆಯಾ ನೋಡಬೇಕು, ಆ ಸಾಲುಗಳನ್ನೂ ಹಾಕಿ.