ಅಪ್‌ಡೇಟ್: ರಾತ್ರಿ ಜೋಮು ಹಿಡಿಯುವ ಬೆರಳುಗಳು, ಸುಳಿವು ಕೊಟ್ಟಿದ್ದು ಕಿರುಬೆರಳು

ನಾನು ಕೇಳಿದ್ದು: "ರಾತ್ರಿ ಎರಡರ ಹೊತ್ತಿಗೆ ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ ಅಂದು ಎಚ್ಚರ ಆಗುತ್ತದೆ. ಕುತ್ತಿಗೆ ನರದ ತೊಂದರೆನಾ?"

ಕುತ್ತಿಗೆ ಅಲ್ಲ, ಮಣಿಕಟ್ಟು. ಕಾರ್ಪಲ್ ಟನಲ್ ಸಿಂಡ್ರೋಮ್ ಅಂತೆ, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗುವುದು.

ಡಾಕ್ಟರ್ ಮೊದಲು ಕೇಳಿದ್ದು ಕಿರುಬೆರಳಿನ ಬಗ್ಗೆ. ಅದಕ್ಕೆ ಏನೂ ಆಗಿಲ್ಲ ಅಂದೆ. ಮಣಿಕಟ್ಟಿನ ಇಕ್ಕಟ್ಟು ದಾರಿಯಲ್ಲಿ ಹೋಗುವ ಮೀಡಿಯನ್ ನರ ಕಿರುಬೆರಳಿಗೆ ಹೋಗುವುದೇ ಇಲ್ಲ. ಉಂಗುರಬೆರಳನ್ನು ಹತ್ತಿಯಿಂದ ಸವರಿದರು. ನಡುಬೆರಳಿನ ಕಡೆಯ ಅರ್ಧ ಮಂದ, ಇನ್ನರ್ಧ ಸರಿ! ಒಂದೇ ಬೆರಳಲ್ಲಿ ಹೀಗಾಗಿರುವುದು ನನಗೆ ಗೊತ್ತೇ ಇರಲಿಲ್ಲ. ಹೆಬ್ಬೆರಳ ಬುಡದ ಅಂಗೈ ಮಾತ್ರ ಮಂದವಾಗಿರಲಿಲ್ಲ. ಅಲ್ಲಿಗೆ ಹೋಗುವ ಕವಲು ಆ ಇಕ್ಕಟ್ಟಿನ ಹೊರಗೇ ಸಾಗುತ್ತದಂತೆ.

"ಎಚ್ಚರ ಆದಾಗ ಏನು ಮಾಡ್ತೀರಿ?" ಅಂದರು. ಪಾದರಸದ ಥರ್ಮಾಮೀಟರ್ ಕೊಡವಿದ ಹಾಗೆ ಕೈ ಕೊಡವಿ ತೋರಿಸಿದೆ. ನಕ್ಕರು. ಈ ಕಾಯಿಲೆ ಇರುವವರು ಜಾಸ್ತಿ ಮಂದಿ ಹಾಗೇ ಮಾಡ್ತಾರಂತೆ.

ಆಮೇಲೆ ಎರಡೂ ಕೈಗಳ ಹಿಂಬದಿ ಒಂದಕ್ಕೊಂದು ತಾಗಿಸಿ, ಬೆರಳು ಕೆಳಕ್ಕೆ ಮಾಡಿ ಒಂದು ನಿಮಿಷ ಹಿಡಿಸಿದರು. ನಲವತ್ತು ಸೆಕೆಂಡಿಗೇ ಬಲಗೈ ಜುಮ್ ಅಂತು. ನಿದ್ದೆಯಲ್ಲೂ ಹೀಗೇ ಮಣಿಕಟ್ಟು ಮಡಚಿ ಒತ್ತಡ ಏರುತ್ತದೆ. ಕುತ್ತಿಗೆ ತಿರುಗಿಸಿದರೆ ಜೋಮು ಬರಲಿಲ್ಲ.

ನರದ ಕರೆಂಟ್ ಪರೀಕ್ಷೆಯಲ್ಲೂ ಮಣಿಕಟ್ಟಿನ ಹತ್ತಿರವೇ ನಿಧಾನ ಕಂಡಿತು, ಸೌಮ್ಯ ಹಂತ. ಥೈರಾಯ್ಡ್, ಶುಗರ್ ಎರಡೂ ಸರಿ ಇವೆ. ಈಗ ರಾತ್ರಿ ಮಣಿಕಟ್ಟು ನೇರ ಇಡುವ ಪಟ್ಟಿ ಕಟ್ಟಿ ಮಲಗುತ್ತೇನೆ. ಮೂರನೇ ವಾರ, ನಿನ್ನೆ ಎಚ್ಚರ ಆಗಲಿಲ್ಲ. ಹೆಬ್ಬೆರಳ ಬುಡದ ಮಾಂಸ ಇಳಿದರೆ ಅಥವಾ ಹಿಡಿದದ್ದು ಜಾರಿದರೆ ಮಾತ್ರ ಕಾಯದೆ ಬನ್ನಿ ಅಂದಿದ್ದಾರೆ.